ಶಿಫ್ಟ್ ಟೈಮ್ ಬದಲಾಗುತ್ತಿದೆ: ಕಾರ್ಮಿಕರಿಗೆ ಆ ಪತ್ರ ಬರೆಯುವುದು ಹೇಗೆ?

ಶಿಫ್ಟ್ ಬದಲಾವಣೆಯ ಪತ್ರ ಕೆಡುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ. ಹಳೆ ಪಟ್ಟಿ ಮುಗಿದು ಹೊಸ ಪಟ್ಟಿ ಶುರುವಾಗುವ ಆ ಒಂದು ಭಾನುವಾರದಲ್ಲಿ. ಮ್ಯಾನೇಜರ್ ಸಾಹೇಬರು ಬೋರ್ಡಿಗೆ ಒಂದು ಹಾಳೆ ಹಚ್ಚಿಸುತ್ತಾರೆ: "ದಿನಾಂಕ 6ರಿಂದ ಪಾಳಿಯ ಸಮಯ 6ರಿಂದ 2, 2ರಿಂದ 10, 10ರಿಂದ 6. ಎಲ್ಲರೂ ಸಹಕರಿಸಬೇಕು." ಬರೆದವರ ಪಾಲಿಗೆ ಎಲ್ಲ ಹೇಳಿ ಮುಗಿಯಿತು. ಓದಿದವನ ಪಾಲಿಗೆ ಪ್ರಶ್ನೆ ಶುರುವಾಗುವುದೇ ಅಲ್ಲಿಂದ. "ಸರ್, ನಾನು ಭಾನುವಾರ ಬೆಳಿಗ್ಗೆ ನೈಟ್ ಮುಗಿಸಿ ಹೋಗ್ತೀನಿ. ಮತ್ತೆ ಯಾವಾಗ ಬರಬೇಕು? ಆರಕ್ಕೆ ಬರೋದಾದ್ರೆ ನಮ್ಮೂರಿಂದ ಬಸ್ಸೇ ಇಲ್ವಲ್ಲ?"

ಈ ಎರಡು ಪ್ರಶ್ನೆಗೆ ಪತ್ರದಲ್ಲೇ ಉತ್ತರ ಇದ್ದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ. ಹಾಗಾಗಿ ಈ ಲೇಖನದಲ್ಲಿ ಚಂದದ ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬರೆಯುವ ಮೊದಲು ಏನನ್ನು ಲೆಕ್ಕ ಹಾಕಬೇಕು, ಆ ಲೆಕ್ಕವನ್ನು ಪತ್ರದಲ್ಲಿ ಹೇಗೆ ಇಡಬೇಕು ಅನ್ನುವುದನ್ನು ಒಂದು ಉದಾಹರಣೆ ಹಿಡಿದು ನೋಡೋಣ.

ದಾವಣಗೆರೆ ಹೊರವಲಯದ ಒಂದು ನೂಲಿನ ಮಿಲ್ ಅಂದುಕೊಳ್ಳಿ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು ಇದು. ಶಿಫ್ಟು, ಬದಲಿ, ಓಟಿ ಅನ್ನುವ ಮಾತುಗಳು ಇಲ್ಲಿ ಎಷ್ಟೋ ಮನೆಗಳಲ್ಲಿ ಮೂರು ತಲೆಮಾರಿನಿಂದ ಇವೆ. ನಮ್ಮ ಉದಾಹರಣೆಯ ಮಿಲ್‌ನಲ್ಲಿ ಮೂರು ಪಾಳಿ: ಬೆಳಿಗ್ಗೆ 7ರಿಂದ 3, ಮಧ್ಯಾಹ್ನ 3ರಿಂದ 11, ರಾತ್ರಿ 11ರಿಂದ 7. ಎ, ಬಿ, ಸಿ ಅಂತ ಮೂರು ಗುಂಪು. ಪ್ರತಿ ವಾರ ಪಾಳಿ ಬದಲು. ಭಾನುವಾರ ಮಿಲ್ ಬಂದ್. ವೈಂಡಿಂಗ್ ವಿಭಾಗದ ಹೆಣ್ಣುಮಕ್ಕಳಿಗೆ ಮಾತ್ರ ಜನರಲ್ ಶಿಫ್ಟ್, 9ರಿಂದ 5.30.

ಈಗ ಮ್ಯಾನೇಜರ್ ಮಾಡಬೇಕೆಂದಿರುವ ಬದಲಾವಣೆ ಎರಡು. ಪಾಳಿಯ ಸಮಯ ಒಂದು ಗಂಟೆ ಹಿಂದಕ್ಕೆ, ಅಂದರೆ 6, 2, 10. ಮತ್ತೆ ವಾರಕ್ಕೊಮ್ಮೆ ಬದಲಾಗುತ್ತಿದ್ದ ಪಾಳಿ ಇನ್ನು ಮುಂದೆ ಎರಡು ವಾರಕ್ಕೊಮ್ಮೆ.

ಮೊದಲು ಪೆನ್ಸಿಲ್ ಹಿಡಿದು ಗಂಟೆ ಎಣಿಸಿ

ಪತ್ರ ಬರೆಯಲು ಕೂರುವ ಮೊದಲು ಒಂದು ಖಾಲಿ ಹಾಳೆ ತೆಗೆದುಕೊಳ್ಳಿ. ಪ್ರತಿ ಗುಂಪು ಹಳೆ ಪಾಳಿಯನ್ನು ಯಾವ ದಿನ, ಎಷ್ಟು ಗಂಟೆಗೆ ಮುಗಿಸುತ್ತದೆ, ಹೊಸ ಪಾಳಿಗೆ ಯಾವ ದಿನ, ಎಷ್ಟು ಗಂಟೆಗೆ ಬರುತ್ತದೆ ಅಂತ ಬರೆಯಿರಿ. ನಡುವಿನ ಗಂಟೆ ಎಣಿಸಿ. ಹತ್ತು ನಿಮಿಷದ ಕೆಲಸ. ಎಷ್ಟೋ ಕಡೆ ಇದನ್ನು ಮಾಡುವುದೇ ಇಲ್ಲ.

ಪಾಳಿ ತಿರುಗುವುದಕ್ಕೆ ಎರಡು ದಾರಿ ಇವೆ. ಮೊದಲ ಪಾಳಿಯಿಂದ ಎರಡನೆಯದಕ್ಕೆ, ಅಲ್ಲಿಂದ ರಾತ್ರಿಗೆ ಹೋಗುವುದು ಮುಂದಕ್ಕೆ ತಿರುಗುವ ಪದ್ಧತಿ. ರಾತ್ರಿಯಿಂದ ಎರಡನೆಯದಕ್ಕೆ, ಅಲ್ಲಿಂದ ಮೊದಲ ಪಾಳಿಗೆ ಬರುವುದು ಹಿಂದಕ್ಕೆ ತಿರುಗುವ ಪದ್ಧತಿ. ಮುಂದಕ್ಕೆ ತಿರುಗುವುದು ದೇಹಕ್ಕೆ ಒಳ್ಳೆಯದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅದು ನಿಜ. ಬೇಗ ಮಲಗುವುದಕ್ಕಿಂತ ತಡವಾಗಿ ಮಲಗುವುದು ನಮ್ಮ ದೇಹಕ್ಕೆ ಸುಲಭ. ಅದನ್ನು ಕೇಳಿ ಮ್ಯಾನೇಜರ್ ಮುಂದಕ್ಕೆ ತಿರುಗುವ ಪಟ್ಟಿಯನ್ನೇ ಮಾಡುತ್ತಾರೆ ಅಂದುಕೊಳ್ಳಿ. ಈಗ ಎಣಿಸಿ ನೋಡಿ.

ಮೊದಲ ಪಾಳಿಯವರು ಶನಿವಾರ ಮಧ್ಯಾಹ್ನ 2ಕ್ಕೆ ಬಿಡುತ್ತಾರೆ. ಸೋಮವಾರ 2ಕ್ಕೆ ಎರಡನೇ ಪಾಳಿಗೆ ಬರುತ್ತಾರೆ. ನಡುವೆ 48 ಗಂಟೆ. ಎರಡನೇ ಪಾಳಿಯವರು ಶನಿವಾರ ರಾತ್ರಿ 10ಕ್ಕೆ ಬಿಟ್ಟು ಸೋಮವಾರ ರಾತ್ರಿ 10ಕ್ಕೆ ಬರುತ್ತಾರೆ. ಅವರಿಗೂ 48. ಆದರೆ ಶನಿವಾರದ ನೈಟ್ ಶಿಫ್ಟ್ ಮುಗಿಯುವುದು ಭಾನುವಾರ ಬೆಳಿಗ್ಗೆ 6ಕ್ಕೆ. ಅವರು ಸೋಮವಾರ ಬೆಳಿಗ್ಗೆ 6ಕ್ಕೆ ಮೊದಲ ಪಾಳಿಗೆ ಹಾಜರಾಗಬೇಕು. ಬರೀ 24 ಗಂಟೆ!

ಕಾನೂನಿನ ಪ್ರಕಾರ ಇದು ತಪ್ಪಲ್ಲ. ಮಧ್ಯರಾತ್ರಿ ದಾಟುವ ಪಾಳಿಯವರಿಗೆ ವಾರದ ರಜೆ ಅಂದರೆ ಪಾಳಿ ಮುಗಿದ ಹೊತ್ತಿನಿಂದ ಸತತ 24 ಗಂಟೆ. 1948ರ ಕಾರ್ಖಾನೆಗಳ ಕಾಯ್ದೆಯ 57ನೇ ಸೆಕ್ಷನ್ ಹೇಳುತ್ತಿದ್ದದ್ದು ಅದನ್ನೇ, 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯಲ್ಲೂ ಅದೇ ಇದೆ. ಆದರೆ ಆ ಮನುಷ್ಯನ ಭಾನುವಾರ ಹೇಗಿರುತ್ತದೆ ಯೋಚಿಸಿ. ಬೆಳಿಗ್ಗೆ ಏಳೂವರೆಗೆ ಮನೆ ಸೇರಿ ಮಲಗುತ್ತಾನೆ. ಮಧ್ಯಾಹ್ನ ಏಳುತ್ತಾನೆ. ಆ ದಿನ ರಾತ್ರಿ ಬೇಗ ಮಲಗೋಣ ಅಂದರೆ ನಿದ್ದೆ ಬರುವುದಿಲ್ಲ, ಆರು ದಿನದಿಂದ ರಾತ್ರಿ ಎಚ್ಚರ ಇದ್ದ ದೇಹ ಅದು. ಬೆಳಗಿನ ಜಾವ ನಾಲ್ಕೂವರೆಗೆ ಏಳಬೇಕು. ಅಂಥವನನ್ನು ಸೋಮವಾರ ನೂಲು ತೆಗೆಯುವ ರಿಂಗ್ ಫ್ರೇಮ್ ಮುಂದೆ ನಿಲ್ಲಿಸುತ್ತೇವೆ. ಹೊಸ ಪಟ್ಟಿಯ ಮೊದಲ ಸೋಮವಾರ ಗೈರುಹಾಜರಿ ಜಾಸ್ತಿ ಕಂಡರೆ, ಬಂದವರು ನೋಡಿಕೊಳ್ಳುವ ಯಂತ್ರದ ಸೈಡಿನಲ್ಲಿ ಎಳೆ ತುಂಡಾಗುವುದು ಜಾಸ್ತಿ ಕಂಡರೆ, ಸೋಮಾರಿತನ ಅನ್ನುವ ಮೊದಲು ಈ 24 ಗಂಟೆಯನ್ನು ನೋಡಬೇಕು.

ಹಿಂದಕ್ಕೆ ತಿರುಗಿಸಿ ನೋಡಿ. ನೈಟ್‌ನವರು ಭಾನುವಾರ ಬೆಳಿಗ್ಗೆ 6ಕ್ಕೆ ಬಿಟ್ಟು ಸೋಮವಾರ ಮಧ್ಯಾಹ್ನ 2ಕ್ಕೆ ಬರುತ್ತಾರೆ: 32 ಗಂಟೆ. ಎರಡನೇ ಪಾಳಿಯವರು ಶನಿವಾರ ರಾತ್ರಿ 10ಕ್ಕೆ ಬಿಟ್ಟು ಸೋಮವಾರ ಬೆಳಿಗ್ಗೆ 6ಕ್ಕೆ: ಇದೂ 32. ಮೊದಲ ಪಾಳಿಯವರು ಶನಿವಾರ 2ಕ್ಕೆ ಬಿಟ್ಟು ಸೋಮವಾರ ರಾತ್ರಿ 10ಕ್ಕೆ: 56. ಎರಡೂ ಪದ್ಧತಿಯಲ್ಲಿ ಮೂರು ಗುಂಪಿನ ಒಟ್ಟು ಬಿಡುವು 120 ಗಂಟೆಯೇ. ಹಂಚಿಕೆ ಮಾತ್ರ ಬೇರೆ. ವಾರಕ್ಕೆ ಒಂದೇ ರಜೆ ಇರುವ, ಭಾನುವಾರ ಇಡೀ ಮಿಲ್ ನಿಲ್ಲುವ ನಮ್ಮಂಥ ಕಡೆ ಹಿಂದಕ್ಕೆ ತಿರುಗುವ ಪಟ್ಟಿಯೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ವಾರಕ್ಕೆ ಎರಡು ರಜೆ ಕೊಡುವ ಕಾರ್ಖಾನೆಯಾದರೆ ಮುಂದಕ್ಕೆ ತಿರುಗುವುದನ್ನೇ ಇಟ್ಟುಕೊಳ್ಳಿ, ಅಲ್ಲಿ ಈ ತೊಂದರೆ ಇಲ್ಲ.

ಎರಡು ವಾರಕ್ಕೊಮ್ಮೆ ಬದಲಾಯಿಸುವುದರಿಂದ ಇಂಥ ಬದಲಿನ ಭಾನುವಾರಗಳೇ ಅರ್ಧಕ್ಕೆ ಇಳಿಯುತ್ತವೆ. ಆದರೆ ಸತತ ಎರಡು ವಾರ ರಾತ್ರಿ ದುಡಿಯಬೇಕಾಗುತ್ತದೆ. ಇದು ಎಲ್ಲರಿಗೂ ಇಷ್ಟ ಆಗುವುದಿಲ್ಲ. ಕೆಲವರಿಗೆ ಹಗಲು ಹೊಲದ ಕೆಲಸ ಇರುತ್ತದೆ, ಅವರಿಗೆ ಅನುಕೂಲ. ಚಿಕ್ಕ ಮಕ್ಕಳಿರುವ ಮನೆಯವರಿಗೆ ಕಷ್ಟ. ಪಟ್ಟಿ ಗಟ್ಟಿ ಮಾಡುವ ಮೊದಲು ಯೂನಿಯನ್ನಿನವರನ್ನೂ ಪ್ರತಿ ಗುಂಪಿನಿಂದ ಇಬ್ಬರು ಮೂವರನ್ನೂ ಕೂರಿಸಿಕೊಂಡು ಕೇಳಿ. ಪತ್ರ ಹೊರಟ ಮೇಲೆ ಕೇಳಿದರೆ ಅದು ಕೇಳಿದಂತಲ್ಲ.

ದಿನಾಂಕ ಹೇಗೆ ಗೊತ್ತು ಮಾಡುವುದು

ಕೆಲಸದ ವೇಳೆ ಮತ್ತು ವಿರಾಮದ ಹೊತ್ತನ್ನು ಬದಲಾಯಿಸಬೇಕಾದರೆ ಕಾರ್ಮಿಕರಿಗೆ ಮೊದಲೇ ನೋಟಿಸ್ ಕೊಡಬೇಕು. ಕೊಟ್ಟ ಮೇಲೆ 21 ದಿನದೊಳಗೆ ಬದಲಾವಣೆ ಜಾರಿ ಮಾಡುವಂತಿಲ್ಲ. ಇದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಸೆಕ್ಷನ್ನಿನಲ್ಲಿ ಇದ್ದ ನಿಯಮ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೇ ಸೆಕ್ಷನ್ನಿನಲ್ಲೂ ಅದೇ 21 ದಿನ ಇದೆ. ಯೂನಿಯನ್ ಜೊತೆ ಒಪ್ಪಂದ ಆಗಿ, ಅದರ ಪ್ರಕಾರ ಬದಲಾವಣೆ ಮಾಡುವುದಾದರೆ ಈ ಕಾಯುವಿಕೆ ಬೇಕಿಲ್ಲ.

ಒಂದು ವಿಷಯ ಗಮನದಲ್ಲಿ ಇರಲಿ. ನಿಗದಿತ ನಮೂನೆಯಲ್ಲಿ ಕೊಡುವ ಆ ನೋಟಿಸ್ ಬೇರೆ, ನಾವು ಬರೆಯುತ್ತಿರುವ ಪತ್ರ ಬೇರೆ. ನೋಟಿಸ್ ಕಾನೂನಿಗೆ, ಪತ್ರ ಮನುಷ್ಯರಿಗೆ. ಎರಡನ್ನೂ ಒಂದೇ ದಿನ ಹೊರಡಿಸಿ, ಎರಡರಲ್ಲೂ ಒಂದೇ ದಿನಾಂಕ, ಒಂದೇ ಸಮಯ ಇರಲಿ. ಕೆಲಸದ ಅವಧಿಯ ಫಲಕ ಅಂತ ಗೇಟಿನ ಹತ್ತಿರ ಹಾಕಿರುತ್ತೀರಲ್ಲ, ಅದನ್ನೂ ಬದಲಾಯಿಸಬೇಕು. ಆ ಬದಲಾವಣೆಯನ್ನು ಜಾರಿಗೆ ಮೊದಲೇ ಕಾರ್ಖಾನೆಗಳ ಇಲಾಖೆಯ ಅಧಿಕಾರಿಗೆ ತಿಳಿಸಬೇಕು. ಫಲಕದಲ್ಲಿ ಹಳೆ ಟೈಮ್ ಇದ್ದು ಜನ ಹೊಸ ಟೈಮಿಗೆ ದುಡಿಯುತ್ತಿದ್ದರೆ ತಪಾಸಣೆಗೆ ಬಂದವರು ಮೊದಲು ಹಿಡಿಯುವುದೇ ಅದನ್ನು.

ನಮ್ಮ ಉದಾಹರಣೆಯಲ್ಲಿ ಪತ್ರದ ದಿನಾಂಕ 2026ರ ಜೂನ್ 11, ಗುರುವಾರ. ಜಾರಿ ಜುಲೈ 6, ಸೋಮವಾರ. ನಡುವೆ ಪೂರ್ತಿ 24 ದಿನ ಸಿಗುತ್ತದೆ. ಜಾರಿಯ ದಿನ ಯಾವಾಗಲೂ ವಾರದ ರಜೆಯ ಮಾರನೇ ದಿನವೇ ಇರಲಿ. ತಿಂಗಳ ಒಂದನೇ ತಾರೀಕು ಅಂತ ಇಟ್ಟುಬಿಡುವ ಅಭ್ಯಾಸ ಆಫೀಸಿನವರಿಗೆ ಇದೆ, ಸಂಬಳದ ಲೆಕ್ಕಕ್ಕೆ ಸುಲಭ ಅಂತ. ಜುಲೈ 1 ಬುಧವಾರ. ಮಂಗಳವಾರ ರಾತ್ರಿ 11ಕ್ಕೆ ಬಂದವನು ಬುಧವಾರ ಬೆಳಿಗ್ಗೆ 7ರವರೆಗೆ ಇರುತ್ತಾನೆ, ಹೊಸ ಪಾಳಿಯವನು 6ಕ್ಕೇ ಬಂದು ನಿಲ್ಲುತ್ತಾನೆ. ಒಂದೇ ಯಂತ್ರಕ್ಕೆ ಇಬ್ಬರು. ಒಂದೇ ಬಗೆಯ ಕೆಲಸಕ್ಕೆ ಎರಡು ಪಾಳಿಯವರು ಒಟ್ಟಿಗೆ ಇರುವಂತೆ ಪಾಳಿ ಕಟ್ಟುವುದನ್ನು ಕಾನೂನು ಒಪ್ಪುವುದಿಲ್ಲ. ಯಂತ್ರ ನಿಂತಿರುವ ಭಾನುವಾರ ದಾಟಿಕೊಂಡರೆ ಈ ಗೊಂದಲ ಇಲ್ಲ.

ಈಗ ಹಳೆಯದರಿಂದ ಹೊಸದಕ್ಕೆ ಹೋಗುವ ಆ ಮೊದಲ ಭಾನುವಾರದ ಲೆಕ್ಕ. ಕೊನೆಯ ಹಳೆ ವಾರದಲ್ಲಿ ಎ ಗುಂಪು ಮೊದಲ ಪಾಳಿ, ಬಿ ಎರಡನೆಯದು, ಸಿ ರಾತ್ರಿ. ಸಿ ಗುಂಪು ಭಾನುವಾರ ಜುಲೈ 5ರ ಬೆಳಿಗ್ಗೆ 7ಕ್ಕೆ ಬಿಟ್ಟು ಸೋಮವಾರ ಮಧ್ಯಾಹ್ನ 2ಕ್ಕೆ ಬರುತ್ತದೆ, 31 ಗಂಟೆ. ಬಿ ಗುಂಪು ಶನಿವಾರ ರಾತ್ರಿ 11ಕ್ಕೆ ಬಿಟ್ಟು ಸೋಮವಾರ ಬೆಳಿಗ್ಗೆ 6ಕ್ಕೆ, ಇದೂ 31. ಎ ಗುಂಪು ಶನಿವಾರ ಮಧ್ಯಾಹ್ನ 3ಕ್ಕೆ ಬಿಟ್ಟು ಸೋಮವಾರ ರಾತ್ರಿ 10ಕ್ಕೆ, 55. ಸಮಯ ಒಂದು ಗಂಟೆ ಹಿಂದೆ ಬಂದಿದ್ದರಿಂದ ಈ ಒಂದು ಸಲ ಎಲ್ಲರಿಗೂ ಒಂದು ಗಂಟೆ ಕಮ್ಮಿ. ಪತ್ರದಲ್ಲಿ ಈ ದಿನ ಮತ್ತು ಗಂಟೆಗಳನ್ನು ಹಾಗೇ ಬರೆಯಬೇಕು.

ಕಾರಣ ಬರೆಯಿರಿ, ಕಷ್ಟವನ್ನೂ ಬರೆಯಿರಿ

"ಆಡಳಿತಾತ್ಮಕ ಕಾರಣಗಳಿಂದ" ಅಂತ ಬರೆದರೆ ಜನ ಕಾರಣವನ್ನು ತಾವೇ ಹುಡುಕಿಕೊಳ್ಳುತ್ತಾರೆ. ಟೀ ಅಂಗಡಿಗೆ ಹೋಗುವಷ್ಟರಲ್ಲಿ ಅದು "ಓಟಿ ಕಟ್ ಮಾಡೋಕೆ", "ಆಳು ಕಡಿಮೆ ಮಾಡೋಕೆ" ಆಗಿರುತ್ತದೆ. ನಿಜವಾದ ಕಾರಣವನ್ನು ಎರಡು ವಾಕ್ಯದಲ್ಲಿ ಹೇಳಿ. ಇಲ್ಲಿ ಕಾರಣ ಇದು: ಎರಡನೇ ಪಾಳಿ ರಾತ್ರಿ 11ಕ್ಕೆ ಬಿಟ್ಟರೆ ಹಳ್ಳಿಯ ಕಡೆಯವರಿಗೆ ಬಸ್ ಸಿಗುವುದಿಲ್ಲ. 10ಕ್ಕೆ ಬಿಟ್ಟರೆ ಸಿಗುತ್ತದೆ.

ಆದರೆ ಗಡಿಯಾರವನ್ನು ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಿಗಿಯಾಗುತ್ತದೆ. ಎರಡನೇ ಪಾಳಿಗೆ ಬಸ್ ಸಿಕ್ಕಿತು, ಮೊದಲ ಪಾಳಿಯವರು ಬೆಳಿಗ್ಗೆ 6ಕ್ಕೆ ಬರಬೇಕಾಯಿತು. ಐದು ಗಂಟೆಗೆ ಹದಡಿಯಿಂದಲೋ ಆನಗೋಡಿನಿಂದಲೋ ಹೊರಡುವವರಿಗೆ ಏನು ವ್ಯವಸ್ಥೆ? ಇದನ್ನು ಮುಚ್ಚಿಟ್ಟು "ನಿಮ್ಮ ಅನುಕೂಲಕ್ಕಾಗಿ" ಅಂತ ಬರೆದರೆ ಕಷ್ಟಕ್ಕೆ ಸಿಕ್ಕವರಿಗೆ ಸಿಟ್ಟು ಬರುವುದು ಸಹಜ. ಹಾಜರಿ ಪುಸ್ತಕದಿಂದ ಊರುಗಳ ಪಟ್ಟಿ ತೆಗೆಯಿರಿ. ಯಾವ ಊರಿಂದ ಎಷ್ಟು ಜನ, ಅವರ ಊರಿನ ಮೊದಲ ಬಸ್ ಎಷ್ಟಕ್ಕೆ ಅಂತ ಬಸ್ ಸ್ಟ್ಯಾಂಡಿನಲ್ಲಿ ಕೇಳಿ ಬರೆದುಕೊಳ್ಳಿ. ಎಲ್ಲಿ ಬಸ್ ಇಲ್ಲವೋ ಅಲ್ಲಿಗೆ ಕಂಪನಿ ಗಾಡಿ ಬಿಡಲೇಬೇಕು. ಅದಕ್ಕೆ ದುಡ್ಡು ಮಂಜೂರಾಗುವ ತನಕ ಪತ್ರ ಹೊರಡಿಸಬೇಡಿ. "ವಾಹನದ ಬಗ್ಗೆ ಮುಂದೆ ತಿಳಿಸಲಾಗುವುದು" ಅನ್ನುವ ವಾಕ್ಯ ಇರುವ ಶಿಫ್ಟ್ ಪತ್ರ ಇನ್ನೂ ತಯಾರಾಗಿಲ್ಲ ಅಂತಲೇ ಅರ್ಥ.

ಹೆಣ್ಣುಮಕ್ಕಳ ಪಾಳಿ ಬೇರೆಯಾಗಿ ನೋಡಬೇಕು. ಬೆಳಿಗ್ಗೆ 6ಕ್ಕಿಂತ ಮೊದಲು, ಸಂಜೆ 7ರ ನಂತರ ಅವರನ್ನು ಕೆಲಸಕ್ಕೆ ಹಾಕಬೇಕಾದರೆ ಅವರ ಒಪ್ಪಿಗೆ ಬೇಕು, ಸುರಕ್ಷತೆ ಮತ್ತು ಸಾರಿಗೆಯ ಷರತ್ತುಗಳನ್ನು ಪಾಲಿಸಬೇಕು. 6ಕ್ಕೆ ಶುರುವಾಗುವ ಮೊದಲ ಪಾಳಿ ಆ ಗೆರೆಯ ಮೇಲೇ ನಿಂತಿದೆ. ಅಲ್ಲಿ "5.45ಕ್ಕೆ ಯಂತ್ರದ ಹತ್ತಿರ ಇರಬೇಕು" ಅಂತ ಸೇರಿಸಿದರೆ ಗೆರೆ ದಾಟಿದಂತೆ. ನಮ್ಮ ಉದಾಹರಣೆಯಲ್ಲಿ ವೈಂಡಿಂಗ್ ವಿಭಾಗದ ಜನರಲ್ ಶಿಫ್ಟ್ ಬದಲಾಗುತ್ತಿಲ್ಲ. ಬದಲಾಗುತ್ತಿಲ್ಲ ಅನ್ನುವುದನ್ನೂ ಬರೆಯಲೇಬೇಕು. ಇಲ್ಲದಿದ್ದರೆ ಜುಲೈ 6ರಂದು ಅವರಲ್ಲಿ ಕೆಲವರು ಬೆಳಿಗ್ಗೆ 6ಕ್ಕೇ ಬಂದು ಗೇಟಿನ ಮುಂದೆ ನಿಂತಿರುತ್ತಾರೆ.

ಈ "ಹತ್ತು ನಿಮಿಷ ಮುಂಚೆ ಬನ್ನಿ" ಅನ್ನುವುದು ಎಲ್ಲ ಪಾಳಿಗೂ ಅನ್ವಯಿಸುವ ಮಾತು. ಗೇಟಿನ ಒಳಗೆ ಬಂದು ಕೈಕಾಲು ತೊಳೆದು ಟೀ ಕುಡಿಯಲಿ ಅಂತಾದರೆ ತೊಂದರೆ ಇಲ್ಲ. ಯಂತ್ರದ ಹತ್ತಿರ ನಿಂತು ಹಿಂದಿನವನಿಂದ ಸೈಡ್ ವಹಿಸಿಕೊಳ್ಳಬೇಕು ಅಂತಾದರೆ ಅದು ಕೆಲಸದ ಹೊತ್ತೇ. ದಿನಕ್ಕೆ ಹತ್ತು ನಿಮಿಷ ಅಂದರೂ ಆರು ದಿನಕ್ಕೆ ಒಂದು ಗಂಟೆ. ಅದೂ ಸೇರಿ ವಾರದ ಕೆಲಸ 48 ಗಂಟೆ ಮೀರಿದರೆ, ಮೀರಿದ ಹೊತ್ತಿಗೆ ಎರಡರಷ್ಟು ಕೂಲಿ ಕೊಡಬೇಕು. ಅದನ್ನು ಲೆಕ್ಕಕ್ಕೆ ಹಿಡಿಯುವ ಮನಸ್ಸಿಲ್ಲದಿದ್ದರೆ ಪತ್ರದಲ್ಲಿ ಸೇರಿಸಬೇಡಿ, ಬಾಯಿಮಾತಿನಲ್ಲೂ ಹೇಳಿಸಬೇಡಿ.

ಬರೆಯುವಾಗ

ಒಂದೇ ಪುಟ. ಸಾಲುಗಳ ನಡುವೆ ಜಾಗ ಇರಲಿ, ಅಕ್ಷರ ದೊಡ್ಡದಿರಲಿ. ಮೊದಲ ಎರಡು ಸಾಲಿನಲ್ಲೇ ಏನು ಬದಲಾಗುತ್ತದೆ, ಯಾವತ್ತಿನಿಂದ ಅನ್ನುವುದು ಬರಬೇಕು. ಕಾರಣ ಆಮೇಲೆ.

ಸಮಯ ಬರೆಯುವಾಗ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅನ್ನುವ ಪದ ಬಿಡಬೇಡಿ. ಬರೀ "10ರಿಂದ 6" ಅಂದರೆ ತಪ್ಪು ತಿಳಿಯುವವರು ಇದ್ದೇ ಇರುತ್ತಾರೆ. ರಾತ್ರಿ ಪಾಳಿಗೆ ಎರಡು ದಿನದ ಹೆಸರನ್ನೂ ಬರೆಯಿರಿ: "ಸೋಮವಾರ ರಾತ್ರಿ 10ರಿಂದ ಮಂಗಳವಾರ ಬೆಳಿಗ್ಗೆ 6." ರಾತ್ರಿ ಪಾಳಿಯ ಹಾಜರಿ ಯಾವ ದಿನದ್ದು ಅನ್ನುವುದು ಹಳೇ ಜಗಳ. ಮಧ್ಯರಾತ್ರಿಯ ನಂತರದ ಗಂಟೆಗಳೂ ಹಿಂದಿನ ದಿನದ ಲೆಕ್ಕಕ್ಕೇ ಸೇರುತ್ತವೆ. ಇದನ್ನು ಪತ್ರದಲ್ಲಿ ಒಂದು ಸಾಲು ಹಾಕಿದರೆ ಟೈಮ್ ಆಫೀಸಿನ ಕಿಟಕಿಯ ಮುಂದಿನ ಅರ್ಧ ಗಲಾಟೆ ಕಮ್ಮಿಯಾಗುತ್ತದೆ.

ಪಟ್ಟಿಯೊಳಗೆ ಬರುವ ಹಬ್ಬ, ರಾಷ್ಟ್ರೀಯ ರಜೆಗಳನ್ನು ಕ್ಯಾಲೆಂಡರ್ ಹಿಡಿದು ನೋಡಿ. 2026ರ ಆಗಸ್ಟ್ 15 ಶನಿವಾರ ಬರುತ್ತದೆ, ಮೂರನೇ ಸುತ್ತಿನ ಕೊನೆಯ ದಿನ. ರಾತ್ರಿ ಪಾಳಿಯವರಿಗೆ ರಜೆ 14ರ ರಾತ್ರಿಯೋ 15ರ ರಾತ್ರಿಯೋ? ಉತ್ತರವನ್ನು ಈಗಲೇ ಬರೆದುಬಿಡಿ.

ಪತ್ರ ಹೀಗಿರಬಹುದು:

> ಪತ್ರ ಸಂಖ್ಯೆ: ಪಾಳಿ/1/2026
> ದಿನಾಂಕ: 11-06-2026, ಗುರುವಾರ
>
> ಕಾರ್ಮಿಕ ಬಂಧುಗಳಿಗೆ ನಮಸ್ಕಾರ.
>
> 2026ರ ಜುಲೈ 6, ಸೋಮವಾರದಿಂದ ನಮ್ಮ ಮಿಲ್‌ನ ಮೂರೂ ಪಾಳಿಗಳು ಈಗಿನದಕ್ಕಿಂತ ಒಂದು ಗಂಟೆ ಮುಂಚೆ ಶುರುವಾಗಿ ಒಂದು ಗಂಟೆ ಮುಂಚೆ ಮುಗಿಯುತ್ತವೆ. ಪಾಳಿ ಇನ್ನು ಮುಂದೆ ಎರಡು ವಾರಕ್ಕೊಮ್ಮೆ ಬದಲಾಗುತ್ತದೆ.
>
> ಮೊದಲ ಪಾಳಿ: ಬೆಳಿಗ್ಗೆ 6ರಿಂದ ಮಧ್ಯಾಹ್ನ 2. ವಿರಾಮ ಬೆಳಿಗ್ಗೆ 10ರಿಂದ 10.30.
> ಎರಡನೇ ಪಾಳಿ: ಮಧ್ಯಾಹ್ನ 2ರಿಂದ ರಾತ್ರಿ 10. ವಿರಾಮ ಸಂಜೆ 6ರಿಂದ 6.30.
> ರಾತ್ರಿ ಪಾಳಿ: ರಾತ್ರಿ 10ರಿಂದ ಮರುದಿನ ಬೆಳಿಗ್ಗೆ 6. ವಿರಾಮ ರಾತ್ರಿ 2ರಿಂದ 2.30.
> ವೈಂಡಿಂಗ್ ವಿಭಾಗದ ಜನರಲ್ ಶಿಫ್ಟ್: ಬೆಳಿಗ್ಗೆ 9ರಿಂದ ಸಂಜೆ 5.30. ಇದರಲ್ಲಿ ಬದಲಾವಣೆ ಇಲ್ಲ.
>
> ಮೊದಲ ಸಲ ಯಾರು ಯಾವಾಗ ಬರಬೇಕು:
> ಎ ಗುಂಪು: ಜುಲೈ 4, ಶನಿವಾರ ಮಧ್ಯಾಹ್ನ 3ಕ್ಕೆ ಹಳೆ ಪಾಳಿ ಮುಗಿಯುತ್ತದೆ. ಜುಲೈ 6, ಸೋಮವಾರ ರಾತ್ರಿ 10ಕ್ಕೆ ಬನ್ನಿ. ಭಾನುವಾರ ರಾತ್ರಿ ಬರಬೇಕಿಲ್ಲ.
> ಬಿ ಗುಂಪು: ಜುಲೈ 4, ಶನಿವಾರ ರಾತ್ರಿ 11ಕ್ಕೆ ಮುಗಿಯುತ್ತದೆ. ಜುಲೈ 6, ಸೋಮವಾರ ಬೆಳಿಗ್ಗೆ 6ಕ್ಕೆ ಬನ್ನಿ.
> ಸಿ ಗುಂಪು: ಜುಲೈ 5, ಭಾನುವಾರ ಬೆಳಿಗ್ಗೆ 7ಕ್ಕೆ ಮುಗಿಯುತ್ತದೆ. ಜುಲೈ 6, ಸೋಮವಾರ ಮಧ್ಯಾಹ್ನ 2ಕ್ಕೆ ಬನ್ನಿ.
>
> ಮುಂದಿನ ಆರು ವಾರ:
> ಜುಲೈ 6ರಿಂದ 18: ಬಿ ಮೊದಲ ಪಾಳಿ, ಸಿ ಎರಡನೇ ಪಾಳಿ, ಎ ರಾತ್ರಿ ಪಾಳಿ.
> ಜುಲೈ 20ರಿಂದ ಆಗಸ್ಟ್ 1: ಸಿ ಮೊದಲ ಪಾಳಿ, ಎ ಎರಡನೇ ಪಾಳಿ, ಬಿ ರಾತ್ರಿ ಪಾಳಿ.
> ಆಗಸ್ಟ್ 3ರಿಂದ 15: ಎ ಮೊದಲ ಪಾಳಿ, ಬಿ ಎರಡನೇ ಪಾಳಿ, ಸಿ ರಾತ್ರಿ ಪಾಳಿ.
> ರಾತ್ರಿ ಪಾಳಿಯ ಹಾಜರಿ, ಪಾಳಿ ಶುರುವಾದ ದಿನದ್ದು. ಆಗಸ್ಟ್ 15ರಂದು ಎಲ್ಲ ಪಾಳಿಗೂ ಸ್ವಾತಂತ್ರ್ಯ ದಿನದ ರಜೆ. 14ರ ರಾತ್ರಿ 10ಕ್ಕೆ ಬಂದವರು 15ರ ಬೆಳಿಗ್ಗೆ 6ಕ್ಕೆ ಮುಗಿಸುತ್ತಾರೆ. 15ರ ರಾತ್ರಿ ಪಾಳಿ ಇರುವುದಿಲ್ಲ.
>
> ಎರಡನೇ ಪಾಳಿ ರಾತ್ರಿ 11ಕ್ಕೆ ಬಿಟ್ಟಾಗ ಹಳ್ಳಿಗಳಿಗೆ ಹೋಗಲು ಬಸ್ ಸಿಗುತ್ತಿರಲಿಲ್ಲ. ಇದನ್ನು ನೀವೇ ಹಲವು ಸಲ ಹೇಳಿದ್ದೀರಿ. ಅದಕ್ಕಾಗಿ ಈ ಬದಲಾವಣೆ. ಇದರಿಂದ ಮೊದಲ ಪಾಳಿಯವರು ಬೇಗ ಹೊರಡಬೇಕಾಗುತ್ತದೆ. ಅವರಿಗಾಗಿ ಜುಲೈ 6ರಿಂದ ಬೆಳಿಗ್ಗೆ 5ಕ್ಕೆ ಹದಡಿ ಕಡೆಯಿಂದ ಒಂದು, ಆನಗೋಡು ಕಡೆಯಿಂದ ಒಂದು ಕಂಪನಿ ಗಾಡಿ ಹೊರಡುತ್ತದೆ. ಇದಕ್ಕೆ ಹಣ ಕೊಡಬೇಕಿಲ್ಲ. ಗಾಡಿ ನಿಲ್ಲುವ ಜಾಗಗಳ ಪಟ್ಟಿ ಟೈಮ್ ಆಫೀಸಿನಲ್ಲಿದೆ. ಕ್ಯಾಂಟೀನ್ ಬೆಳಿಗ್ಗೆ 5.30ಕ್ಕೆ ತೆರೆಯುತ್ತದೆ.
>
> ಸಂಬಳ, ಓಟಿ ದರ, ವಾರದ ರಜೆ, ಆಳುಗಳ ಸಂಖ್ಯೆ ಇವುಗಳಲ್ಲಿ ಬದಲಾವಣೆ ಇಲ್ಲ.
>
> ಆರೋಗ್ಯ, ಮನೆಯಲ್ಲಿ ನೋಡಿಕೊಳ್ಳಬೇಕಾದ ಮಕ್ಕಳು ಅಥವಾ ಹಿರಿಯರು, ಓಡಾಟದ ತೊಂದರೆ ಇಂಥ ಕಾರಣಕ್ಕೆ ಹೊಸ ಪಾಳಿ ಕಷ್ಟವಾಗುವವರು ಜೂನ್ 22ರೊಳಗೆ ಟೈಮ್ ಆಫೀಸಿಗೆ ತಿಳಿಸಿ. ಬಾಯಲ್ಲಿ ಹೇಳಿದರೂ ಸಾಕು, ಅಲ್ಲಿ ಬರೆದುಕೊಳ್ಳುತ್ತಾರೆ. ಜೂನ್ 29ರೊಳಗೆ ಪ್ರತಿಯೊಬ್ಬರಿಗೂ ನಾನೇ ಉತ್ತರ ಕೊಡುತ್ತೇನೆ.
>
> ಫ್ಯಾಕ್ಟರಿ ಮ್ಯಾನೇಜರ್
> (ಸಹಿ)

ಈ ಪತ್ರದಲ್ಲಿ ಎರಡು ಸಾಲನ್ನು ಬೇಕಂತಲೇ ಹಾಕಿದ್ದು. "ಭಾನುವಾರ ರಾತ್ರಿ ಬರಬೇಕಿಲ್ಲ" ಅನ್ನುವುದು ಒಂದು. ಹೊಸ ವಾರದ ನೈಟ್ ಭಾನುವಾರ ರಾತ್ರಿಯೇ ಶುರು ಅಂದುಕೊಂಡು ಬರುವವರು ಇರುತ್ತಾರೆ, ಸೆಕ್ಯುರಿಟಿಯವರು ಅವರನ್ನು ವಾಪಸ್ ಕಳಿಸುತ್ತಾರೆ. ಆ ಹೊತ್ತಿನಲ್ಲಿ ಅವರು ಊರಿಗೆ ಹೋಗುವುದು ಹೇಗೆ? "ಆಳುಗಳ ಸಂಖ್ಯೆಯಲ್ಲಿ ಬದಲಾವಣೆ ಇಲ್ಲ" ಅನ್ನುವುದು ಇನ್ನೊಂದು. ಅದು ನಿಜವಾಗಿದ್ದರೆ ಮಾತ್ರ ಬರೆಯಿರಿ. ನಿಜವಲ್ಲದಿದ್ದರೆ ಆ ವಿಷಯವನ್ನು ಶಿಫ್ಟ್ ಪತ್ರದೊಳಗೆ ತುರುಕಬಾರದು, ಅದಕ್ಕೆ ಬೇರೆಯೇ ಮಾತುಕತೆ ಬೇಕು.

ಕಷ್ಟ ಹೇಳಿಕೊಳ್ಳಲು ಕೊಟ್ಟ ಕೊನೆ ದಿನಕ್ಕೂ ನೀವು ಉತ್ತರ ಕೊಡುವ ದಿನಕ್ಕೂ ನಡುವೆ ಒಂದು ವಾರ ಇರಲಿ. ಉತ್ತರ ಬಂದ ಮೇಲೆ ಜಾರಿಗೆ ಇನ್ನೊಂದು ವಾರ ಇರಲಿ. "ಶಿಸ್ತು ಕ್ರಮ" ಅನ್ನುವ ಪದವನ್ನು ಈ ಪತ್ರಕ್ಕೆ ತರಬೇಡಿ. ಇನ್ನೂ ಯಾರೂ ತಪ್ಪು ಮಾಡಿಲ್ಲ.

ಹಚ್ಚಿದ ಮೇಲೆ

ಗೇಟು, ಕ್ಯಾಂಟೀನ್, ಪ್ರತಿ ವಿಭಾಗದ ಬಾಗಿಲು, ಇಷ್ಟು ಕಡೆ ಹಚ್ಚಿ. ಆದರೆ ಹಚ್ಚಿದ್ದನ್ನು ಎಲ್ಲರೂ ಓದುವುದಿಲ್ಲ, ಕೆಲವರಿಗೆ ಕನ್ನಡ ಓದಲು ಬರುವುದೂ ಇಲ್ಲ. ಬೇರೆ ರಾಜ್ಯದಿಂದ ಬಂದ ಹುಡುಗರಿದ್ದರೆ ಅವರ ಭಾಷೆಯಲ್ಲಿ ಹೇಳಿಸಿ. ಮೂರೂ ಪಾಳಿಯ ಶುರುವಿನಲ್ಲಿ ಸೂಪರ್‌ವೈಸರ್ ಪತ್ರವನ್ನು ಪೂರ್ತಿ ಓದಲಿ, ತನ್ನ ಮಾತಿನಲ್ಲಿ ಸಾರಾಂಶ ಹೇಳುವುದು ಬೇಡ. ಓದಿದ ಮೇಲೆ "ಅರ್ಥ ಆಯ್ತಾ?" ಅಂತ ಕೇಳಿದರೆ ಎಲ್ಲರೂ "ಹೂಂ ಸರ್" ಅನ್ನುತ್ತಾರೆ. ಅದರ ಬದಲು ಒಬ್ಬರನ್ನು ಕರೆದು, "ಅಣ್ಣ, ನೀವು ಸಿ ಗುಂಪು, ಆರನೇ ತಾರೀಕು ಎಷ್ಟು ಗಂಟೆಗೆ ಬರ್ತೀರಿ?" ಅಂತ ಕೇಳಿ. ನಾಲ್ಕು ಜನರನ್ನು ಕೇಳಿ ಇಬ್ಬರು ತಪ್ಪು ಹೇಳಿದರೆ ತಿದ್ದಬೇಕಾದದ್ದು ಪತ್ರವನ್ನು.

ವಾಟ್ಸಾಪಿಗೆ ಹಾಕುವುದಾದರೆ ಸಹಿ ಇರುವ ಹಾಳೆಯ ಫೋಟೋವನ್ನೇ ಹಾಕಿ. ಟೈಪ್ ಮಾಡಿ ಹಾಕಿದ್ದು ಮೂರನೇ ಗ್ರೂಪಿಗೆ ಹೋಗುವಷ್ಟರಲ್ಲಿ ಒಂದು ಸಾಲು ಬಿಟ್ಟುಹೋಗಿರುತ್ತದೆ. ದಿನಾಂಕವೋ ಸಮಯವೋ ಬದಲಾದರೆ ಹಳೆ ಹಾಳೆಯ ಮೇಲೆ ಪೆನ್ನಿನಲ್ಲಿ ತಿದ್ದಬೇಡಿ. ಹೊಸ ಸಂಖ್ಯೆಯ ಪತ್ರ ಹೊರಡಿಸಿ, "ಪಾಳಿ/1/2026 ರದ್ದಾಗಿದೆ" ಅಂತ ಮೇಲೆಯೇ ಬರೆಯಿರಿ, ಹಳೆಯದನ್ನು ಎಲ್ಲ ಕಡೆಯಿಂದ ಕಿತ್ತು ತೆಗೆಸಿ. ರಜೆಯಲ್ಲಿ ಇರುವವರು, ಬದಲಿ ಕೆಲಸಗಾರರು, ಗುತ್ತಿಗೆಯವರು ಈ ಸುದ್ದಿಯಿಂದ ತಪ್ಪಿಸಿಕೊಳ್ಳುವವರಲ್ಲಿ ಮೊದಲಿಗರು. ಹಾಜರಿ ಪುಸ್ತಕ ನೋಡಿ ಅವರಿಗೆ ಫೋನ್ ಮಾಡಿಸಿ, ಯಾರಿಗೆ ಯಾವ ದಿನ ಹೇಳಿದಿರಿ ಅಂತ ಬರೆದಿಡಿ.

ಹೊಸ ಪಟ್ಟಿ ಬಂದ ಕೂಡಲೇ ಪಾಳಿ ಅದಲು ಬದಲು ಮಾಡಿಕೊಳ್ಳುವ ಬೇಡಿಕೆ ಬರುತ್ತದೆ. ಒಪ್ಪಿಕೊಳ್ಳಿ, ಆದರೆ ಒಂದೇ ಕೆಲಸ ಮಾಡುವ ಇಬ್ಬರ ನಡುವೆ ಮಾತ್ರ, ಇಬ್ಬರ ಸಹಿ ಹಾಕಿಸಿಕೊಂಡು, ಹಿಂದಿನ ದಿನವೇ. ಇಲ್ಲೂ ಗಂಟೆ ಎಣಿಸಬೇಕು. ರಾತ್ರಿ 10ಕ್ಕೆ ಎರಡನೇ ಪಾಳಿ ಬಿಟ್ಟವನು ಗೆಳೆಯನಿಗಾಗಿ ಮರುದಿನ ಬೆಳಿಗ್ಗೆ 6ಕ್ಕೆ ಬರುತ್ತೇನೆ ಅಂದರೆ ನಡುವೆ 8 ಗಂಟೆ. ಹೋಗಿ ಬರುವ ದಾರಿ ಕಳೆದರೆ ನಿದ್ದೆಗೆ ಐದೂ ಸಿಗುವುದಿಲ್ಲ. ಅಂಥದ್ದಕ್ಕೆ ಬೇಡ ಅನ್ನಿ.

ಮೊದಲ ಸೋಮವಾರ ಮ್ಯಾನೇಜರ್ ಐದೂವರೆಗೇ ಗೇಟಿನಲ್ಲಿ ಇರಬೇಕು, ರಾತ್ರಿ 10ಕ್ಕೂ ಇರಬೇಕು. ಹಳೆ ಅಭ್ಯಾಸದಲ್ಲಿ 7ಕ್ಕೆ ಬಂದವರನ್ನು ಒಳಗೆ ಬಿಟ್ಟುಕೊಳ್ಳಿ, ಮೊದಲ ವಾರ ತಡವಾದದ್ದಕ್ಕೆ ಸಂಬಳ ಹಿಡಿಯಬೇಡಿ. ಆದರೆ ಯಾರು, ಯಾವ ಊರು, ಎಷ್ಟು ಹೊತ್ತಿಗೆ ಬಂದರು ಅನ್ನುವುದನ್ನು ಬರೆದುಕೊಳ್ಳಿ. ತಡವಾದವರಲ್ಲಿ ಅರ್ಧ ಜನ ಒಂದೇ ಕಡೆಯ ಹಳ್ಳಿಗಳವರಾಗಿದ್ದರೆ ಗಾಡಿಯ ಹೊತ್ತು ಅಥವಾ ನಿಲ್ಲುವ ಜಾಗ ತಪ್ಪಿದೆ. ಒಂದೇ ಗುಂಪಿನವರಾಗಿದ್ದರೆ ಆ ಗುಂಪಿಗೆ ಪತ್ರ ಓದಿದ ಸೂಪರ್‌ವೈಸರ್ ಹತ್ತಿರ ಕೇಳಿ. ಜುಲೈ 20ರ ಸೋಮವಾರ, ಎರಡನೇ ಸುತ್ತು ಶುರುವಾಗುವಾಗ, ಇದೇ ಪಟ್ಟಿಯನ್ನು ಮತ್ತೆ ಬರೆಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅದೇ ಹೆಸರುಗಳು ಮತ್ತೆ ಬಂದಿದ್ದರೆ ಅವರನ್ನು ಕರೆದು ಕೂರಿಸಿ ಕೇಳಿ, ಆಗಸ್ಟ್ 17ರ ನಂತರದ ಪಟ್ಟಿ ಬರೆಯುವ ಮೊದಲೇ.